ಹನ್ನೆರಡು ವರ್ಷದ ಗ್ರಾಚುಟಿ: ಸಣ್ಣ ಕಂಪೆನಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಯುಎಇಯ ಸಣ್ಣ ವರ್ಕ್‌ಶಾಪ್, ಗ್ರೋಸರಿ, ಟ್ರೇಡಿಂಗ್ ಕಂಪೆನಿಗಳಲ್ಲಿ ಹತ್ತು-ಹದಿನೈದು ವರ್ಷ ದುಡಿದ ನಮ್ಮವರು ಬಹಳ ಮಂದಿ ಇದ್ದಾರೆ. ಅವರು ಊರಿಗೆ ಹೊರಟಾಗ "ಈಗ ಅಷ್ಟು ದುಡ್ಡಿಲ್ಲ, ಸ್ವಲ್ಪ ಕಾಯಿರಿ" ಎಂಬ ಉತ್ತರ ಸಿಗುವುದಿದೆ. ಧಣಿ ಮೋಸಗಾರನೇ ಆಗಿರಬೇಕೆಂದಿಲ್ಲ. ಅನೇಕ ಸಲ ಲೆಕ್ಕ ಇಟ್ಟ ಕ್ರಮವೇ ತಪ್ಪಾಗಿರುತ್ತದೆ.

2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್ ಸಂಬಳ ಗ್ರಾಚುಟಿಯಾಗಿ ಸಿಗಬೇಕು. ಇಲ್ಲಿ ಬೇಸಿಕ್ ಅಂದರೆ ಕೊನೆಯಲ್ಲಿ ಪಡೆಯುತ್ತಿದ್ದ ಬೇಸಿಕ್. ಎಡವಟ್ಟು ಆಗುವುದು ಇಲ್ಲಿಯೇ.

ಒಬ್ಬರ ಲೆಕ್ಕ ಹಾಕಿ ನೋಡೋಣ. 12 ವರ್ಷದ ಸರ್ವಿಸ್. ಬೇಸಿಕ್ ಮೊದಲ ಐದು ವರ್ಷ 900 ದಿರ್ಹಂ, ಮುಂದಿನ ನಾಲ್ಕು ವರ್ಷ 1,200, ಕೊನೆಯ ಮೂರು ವರ್ಷ 1,500. ಅಕೌಂಟೆಂಟ್ ಪ್ರತಿ ವರ್ಷ ಆಯಾ ವರ್ಷದ ಬೇಸಿಕ್ ಹಿಡಿದು ಬರೆದಿಟ್ಟರೆ 3,150, 4,800, 4,500 ಸೇರಿ 12,450 ದಿರ್ಹಂ ಆಗುತ್ತದೆ. ಆದರೆ ಕೊಡಬೇಕಾದ್ದು ಎಷ್ಟು? ಒಟ್ಟು 315 ದಿನ, ಕೊನೆಯ ಬೇಸಿಕ್‌ನಂತೆ ದಿನಕ್ಕೆ 50, ಅಂದರೆ 15,750. ಒಬ್ಬರದ್ದೇ 3,300 ಕೊರತೆ! ಸಂಬಳ ಏರಿದಾಗ ಹಿಂದಿನ ಎಲ್ಲಾ ವರ್ಷಗಳ ಬಾಕಿಯೂ ಜೊತೆಗೆ ಏರುತ್ತದೆ. ಹಾಗಾಗಿ ವರ್ಷದ ಕೊನೆಗೆ ಪೂರ್ತಿ ಸರ್ವಿಸನ್ನು ಹೊಸ ಬೇಸಿಕ್‌ನಲ್ಲಿ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸವನ್ನು ಆ ವರ್ಷದ ಖರ್ಚಿಗೆ ಸೇರಿಸಬೇಕು. ಪುಸ್ತಕದಲ್ಲಿ ಬರೆದದ್ದು ಬ್ಯಾಂಕಿನಲ್ಲಿ ಇದೆ ಎಂದೂ ಅರ್ಥವಲ್ಲ. ಆ ಹಣ ಬೇರೆ ತೆಗೆದಿಡದಿದ್ದರೆ ಅದು ಬರೀ ಅಂಕಿ.

ರಜೆಯದ್ದೂ ಹೀಗೆಯೇ. ಕೆಲಸ ಬಿಡುವಾಗ ಬಾಕಿ ಉಳಿದ ವಾರ್ಷಿಕ ರಜೆಗೆ ಬೇಸಿಕ್ ಲೆಕ್ಕದಲ್ಲಿ ಹಣ ಸಿಗಬೇಕು. ಇವರಿಗೆ 40 ದಿನ ಬಾಕಿ ಇದ್ದರೆ 2,000 ದಿರ್ಹಂ, ಒಟ್ಟು 17,750. ಸಣ್ಣ ಕಂಪೆನಿಯಲ್ಲಿ ರಜೆಯ ರಿಜಿಸ್ಟರ್ ಇಲ್ಲದಿದ್ದರೆ ಜಗಳ ಶುರುವಾಗುವುದು ಈ ದಿನಗಳ ಎಣಿಕೆಯಲ್ಲಿ. ಪ್ರತಿ ಸಲ ಊರಿಗೆ ಹೋಗಿ ಬಂದ ತಾರೀಕು ಪಾಸ್‌ಪೋರ್ಟ್ ಸ್ಟ್ಯಾಂಪ್, ಟಿಕೆಟ್ ನೋಡಿ ಬರೆದಿಟ್ಟುಕೊಳ್ಳಿ. ಸಂಬಳವಿಲ್ಲದೆ ಗೈರಾದ ದಿನಗಳು ಗ್ರಾಚುಟಿ ಸರ್ವಿಸಿಗೆ ಸೇರುವುದಿಲ್ಲ ಎಂಬುದೂ ಗೊತ್ತಿರಲಿ.

ಇನ್ನೊಂದು ಸೂಕ್ಷ್ಮ ಇದೆ. "ಸಂಬಳ 500 ಜಾಸ್ತಿ ಮಾಡಿದೆ" ಎಂದರೆ ಖುಷಿಯೇ. ಆದರೆ ಅದು ಅಲೋವನ್ಸ್‌ಗೆ ಸೇರಿದರೆ ಮೇಲಿನ ಲೆಕ್ಕದಲ್ಲಿ ಒಂದು ದಿರ್ಹಂ ಕೂಡ ಬದಲಾಗದು; ಬೇಸಿಕ್‌ಗೆ ಸೇರಿದರೆ ಗ್ರಾಚುಟಿ ಒಂದರಲ್ಲೇ 5,250 ವ್ಯತ್ಯಾಸ. ಕಾಂಟ್ರಾಕ್ಟ್‌ನಲ್ಲಿ ಬೇಸಿಕ್ ಎಷ್ಟಿದೆ ಎಂದು ಈಗಲೇ ನೋಡಿ.

ರಾಜೀನಾಮೆ ಕೊಟ್ಟರೆ ಗ್ರಾಚುಟಿ ಕತ್ತರಿಸುವ ಹಳೆಯ ನಿಯಮ ಈಗಿಲ್ಲ. ಕಾಂಟ್ರಾಕ್ಟ್ ಮುಗಿದ 14 ದಿನದೊಳಗೆ ಎಲ್ಲಾ ಬಾಕಿ ಕೊಡಬೇಕು. ದೂರಿಗೆ ಮೊದಲು ಒಂದು ವರ್ಷದ ಗಡುವಿತ್ತು, 2024ರ ತಿದ್ದುಪಡಿಯಿಂದ ಅದು ಕೆಲಸ ಬಿಟ್ಟಲ್ಲಿಂದ ಎರಡು ವರ್ಷ ಆಗಿದೆ. ಡಿಐಎಫ್‌ಸಿಯಂಥ ಫ್ರೀ ಝೋನ್‌ಗೆ ಬೇರೆಯೇ ಕಾನೂನು ಇರುವುದರಿಂದ ಈ ಲೆಕ್ಕ ಅಲ್ಲಿಯವರಿಗೆ ಹೊಂದುವುದಿಲ್ಲ.