ಅಳಿಸುವ ಮೊದಲು ಓದಿಸಿ

ಮಾನ್ಯ ಚಿತ್ರದುರ್ಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ಕಾಲ್ ಫಾರ್ವರ್ಡಿಂಗ್ ಮೋಸದ ಬಗ್ಗೆ ಎಚ್ಚರಿಸುವ ಸಂದೇಶಗಳು ಮೊಳಕಾಲ್ಮೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತಿವೆ. ಹೆಚ್ಚಿನವುಗಳ ಕೊನೆಗೆ ಹೇಳುವ ಮದ್ದು ಒಂದೇ: ಫೋನಿನಲ್ಲಿ ##002# ಒತ್ತಿ, ಎಲ್ಲವೂ ರದ್ದಾಗುತ್ತದೆ. ಮದ್ದು ಸುಳ್ಳಲ್ಲ. ಆದರೆ ಜನರಿಗೆ ಅದನ್ನೇ ಮೊದಲು ಹೇಳಿಕೊಡಬಾರದು ಎಂಬುದು ನನ್ನ ತಕರಾರು. ನಿಮ್ಮ ಠಾಣೆಗಳ ಗೋಡೆಗೂ ಜಾಗೃತಿ ಸಭೆಗಳಿಗೂ ಇದು ಸಂಬಂಧಿಸಿದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ನಮ್ಮೂರಿನ ರೇಷ್ಮೆ ಮಗ್ಗದವರೊಬ್ಬರ ವಿಷಯ ಹೇಳುತ್ತೇನೆ. ಸೀರೆ ಕೊಳ್ಳುವವರು ಹೊರಊರಿನಿಂದ ಫೋನ್ ಮಾಡುತ್ತಾರೆ. ಇವರು ರಾಯದುರ್ಗದ ಕಡೆ ಹೊರಟರೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಊರಲ್ಲಿದ್ದಾಗ ಒಬ್ಬ ವ್ಯಾಪಾರಿಯೊಂದಿಗೆ ದರ ಮಾತಾಡುತ್ತಿರುವಾಗಲೇ ಇನ್ನೊಬ್ಬ ಕರೆಯುತ್ತಾನೆ. ಹಾಗಾಗಿ ಇವೆರಡೂ ಹೊತ್ತಿನಲ್ಲಿ ಕರೆ ಮಗನ ನಂಬರಿಗೆ ಹೋಗುವಂತೆ ಮಾಡಿಕೊಂಡಿದ್ದರು. ಫೋನ್ ಆ್ಯಪಿನ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ನಲ್ಲಿ Call forwarding ಹುಡುಕಿದರೆ ನಾಲ್ಕು ಸಾಲು ಕಾಣುತ್ತವೆ: Always forward, When busy, When unanswered, When unreachable. ಫೋನಿನ ಕಂಪನಿಗೆ ತಕ್ಕಂತೆ ಪದಗಳು ತುಸು ಬೇರೆಯಾಗಬಹುದು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಮಗನ ನಂಬರನ್ನು +91 ಸೇರಿಸಿ ಹಾಕಿದ್ದರು. ಮೊದಲ ಸಾಲನ್ನು ಮುಟ್ಟಿರಲಿಲ್ಲ. ಅದನ್ನು ಮುಟ್ಟಿದರೆ ಇವರ ಫೋನ್ ರಿಂಗೇ ಆಗುವುದಿಲ್ಲ, ಎಲ್ಲ ಕರೆಯೂ ನೇರ ಆಚೆ ಹೋಗುತ್ತದೆ.

ಒಂದು ಸಣ್ಣ ತೊಡಕಿತ್ತು. ಕಾಲ್ ವೇಟಿಂಗ್ ಆನ್ ಇದ್ದರೆ ಎರಡನೆಯ ಕರೆ ಇವರ ಕಿವಿಯಲ್ಲೇ ಬೀಪ್ ಅನ್ನುತ್ತದೆ. ನೆಟ್‌ವರ್ಕ್‌ನ ಲೆಕ್ಕದಲ್ಲಿ ಫೋನ್ ಇನ್ನೂ ಬಿಜಿ ಆಗಿರುವುದಿಲ್ಲ. ಕಾಲ್ ವೇಟಿಂಗ್ ಆಫ್ ಮಾಡಿದ ಮೇಲೆಯೇ ಕರೆ ತಾನಾಗಿ ಮಗನಿಗೆ ಹೋಗತೊಡಗಿತು. ಆಮೇಲೆ ಇನ್ನೊಂದು ತಿಳಿಯಿತು: ಇವರು ಕರೆಯನ್ನು ಕಟ್ ಮಾಡಿದರೂ ನೆಟ್‌ವರ್ಕ್ ಅದನ್ನು ಬಿಜಿ ಎಂದೇ ಎಣಿಸಿ ಮಗನಿಗೆ ಕಳಿಸುತ್ತದೆ. ಸಾಲ ಕೇಳುವವರ ಫೋನ್ ಕಟ್ ಮಾಡಿದರೆ ಅವರು ಮಗನ ಹತ್ತಿರ ಮಾತಾಡುತ್ತಾರೆ! ಇಲ್ಲಿಂದ ಅಲ್ಲಿಗೆ ದಾಟುವ ಕರೆಯ ಖರ್ಚು ದಾಟಿಸಿದವರ ಲೆಕ್ಕಕ್ಕೆ ಎಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಸರಿಹೋದ ಮೇಲೆ ಆ ಎಚ್ಚರಿಕೆಯ ಸಂದೇಶ ಬಂತು. ಹೆದರಿ ##002# ಒತ್ತಿದರು. ಮಗನ ನಂಬರೂ ಅಳಿಸಿಹೋಯಿತು. ಬೇರೆಯವರಲ್ಲಾದರೆ, ಫೋನ್ ಆಫ್ ಇದ್ದಾಗ ಯಾರು ಕರೆದಿದ್ದರು ಎಂದು ಬರುವ ಮೆಸೇಜೂ ಇದರಿಂದ ನಿಲ್ಲಬಹುದು. ಎಷ್ಟೋ ಕಡೆ ಆ ಸೌಲಭ್ಯ ನಡೆಯುವುದೂ ಫಾರ್ವರ್ಡಿಂಗ್ ಮೇಲೆಯೇ. ಇವರ ವ್ಯಾಪಾರಿಗಳಿಗೆ ‘ಸ್ವಿಚ್ ಆಫ್’ ಎಂಬ ಧ್ವನಿ ಕೇಳಿಸಿತೇ ಹೊರತು ಇವರಿಗೆ ಏನೂ ಗೊತ್ತಾಗಲಿಲ್ಲ.

ಹಾಗೆಂದು ಹೆದರಿಕೆ ಪೊಳ್ಳೇನಲ್ಲ. ಕೊರಿಯರ್‌ನವನೆಂದು ಹೇಳಿಕೊಂಡು ಕರೆ ಮಾಡಿ, ‘ಪಾರ್ಸಲ್ ಖಚಿತಪಡಿಸಲು ಈ ಕೋಡ್ ಡಯಲ್ ಮಾಡಿ’ ಅನ್ನುತ್ತಾರೆ. ಆ ಕೋಡಿನಲ್ಲಿ 21 ಇದ್ದರೆ ಎಲ್ಲ ಕರೆಗಳೂ ಅವರ ಪಾಲು. ಅದಕ್ಕೊಂದು ಗುರುತಾದರೂ ಇದೆ: ನಿಮ್ಮಿಂದ ಕರೆ ಹೋಗುತ್ತದೆ, ನಿಮಗೆ ಒಂದೂ ಬರುವುದಿಲ್ಲ. ಇನ್ನೂ ಜಾಣತನದ್ದು 67. 2022ರಲ್ಲಿ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ರಾಹುಲ್ ಶಶಿ ಈ ಬಗೆಯನ್ನು ಬಯಲಿಗೆಳೆದರು. ಜಿಯೋದಲ್ಲಿ ಅದೇ ಕೆಲಸ 405ರಿಂದ ಆಗುತ್ತದೆ. ಇದು ಬಿಜಿ ಇದ್ದಾಗ ಮಾತ್ರ ದಾಟಿಸುವ ಕೋಡ್. ಡಯಲ್ ಮಾಡಿಸಿದವನು ನಿಮ್ಮನ್ನು ಮಾತಿನಲ್ಲೇ ಹಿಡಿದಿಟ್ಟುಕೊಂಡು, ಅದೇ ಹೊತ್ತಿಗೆ ತನ್ನ ಫೋನಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ತೆರೆಯಲು ನೋಡುತ್ತಾನೆ. ಓಟಿಪಿಯನ್ನು ಕರೆ ಮಾಡಿ ಹೇಳುವಂತೆ ಕೇಳುತ್ತಾನೆ. ನೀವು ಬಿಜಿ, ಕಾಲ್ ವೇಟಿಂಗ್ ಆಫ್ ಇದ್ದರೆ ಅಥವಾ ಬೀಪ್ ಕೇಳಿ ನೀವು ಕಟ್ ಮಾಡಿದರೆ ಆ ಕರೆ ಅವನಿಗೇ ಹೋಗುತ್ತದೆ. ಎಸ್ಸೆಮ್ಮೆಸ್ ಫಾರ್ವರ್ಡ್ ಆಗುವುದಿಲ್ಲ, ಅದಕ್ಕೇ ಅವನಿಗೆ ಧ್ವನಿ ಕರೆಯೇ ಬೇಕು. ಆಮೇಲೆ ದಿನವಿಡೀ ನಿಮ್ಮ ಫೋನ್ ಎಂದಿನಂತೆ ರಿಂಗ್ ಆಗುತ್ತಿರುತ್ತದೆ, ಅನುಮಾನಕ್ಕೆ ಎಡೆಯೇ ಇಲ್ಲ.

ಕೇಂದ್ರ ದೂರಸಂಪರ್ಕ ಇಲಾಖೆ ಸುಮ್ಮನಿರಲಿಲ್ಲ. 2024ರ ಮಾರ್ಚ್ 28ರ ಆದೇಶದಲ್ಲಿ, *401# ಬಗೆಯ ಯುಎಸ್‌ಎಸ್‌ಡಿ ಫಾರ್ವರ್ಡಿಂಗನ್ನು ಏಪ್ರಿಲ್ 15ರಿಂದ ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ಆದರೂ ಕೋಡ್ ಕೊಟ್ಟು ಡಯಲ್ ಮಾಡಿಸುವ ಮೋಸ ನಿಂತಿಲ್ಲ. ಆದ್ದರಿಂದ ನೋಡಿಕೊಳ್ಳುವುದನ್ನು ಕಲಿಸಲೇಬೇಕು:

```
*#21#
*#67#
*#61#
*#62#
```

ಇವು ಕ್ರಮವಾಗಿ ಎಲ್ಲ ಕರೆ, ಬಿಜಿ, ಎತ್ತದಿದ್ದಾಗ, ಸಿಗದಿದ್ದಾಗ. ಯಾವುದನ್ನೂ ಬದಲಿಸುವುದಿಲ್ಲ, ಇರುವುದನ್ನು ತೋರಿಸುತ್ತವೆ ಅಷ್ಟೆ. ಕೋಡ್ ಉತ್ತರ ಕೊಡದಿದ್ದರೆ ಸೆಟ್ಟಿಂಗ್ಸ್‌ನ ಆ ನಾಲ್ಕು ಸಾಲುಗಳನ್ನು ನೋಡಬೇಕು. ಎರಡು ಸಿಮ್ ಇದ್ದರೆ ಎರಡರಿಂದಲೂ ಬೇರೆ ಬೇರೆಯಾಗಿ ಕೇಳಬೇಕು, ಏಕೆಂದರೆ ಫಾರ್ವರ್ಡಿಂಗ್ ಬರೆದಿರುವುದು ಫೋನಿನಲ್ಲಲ್ಲ, ಕಂಪನಿಯ ನೆಟ್‌ವರ್ಕ್‌ನಲ್ಲಿ, ಆ ನಂಬರಿನ ಹೆಸರಿಗೆ. ಫೋನ್ ರಿಸೆಟ್ ಮಾಡಿಸಿದರೂ, ಹೊಸ ಹ್ಯಾಂಡ್‌ಸೆಟ್ ಕೊಂಡರೂ ಅದು ಹಾಗೇ ಉಳಿಯುತ್ತದೆ. ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ರಿಸೆಟ್ ಮಾಡಿಸಿ ನಿಶ್ಚಿಂತರಾದವರು ನಮ್ಮಲ್ಲಿ ಕಡಿಮೆಯಿಲ್ಲ.

ತೆರೆಯ ಮೇಲೆ ನಂಬರ್ ಕಂಡಿತೆಂದರೆ ಕದ್ದಾಲಿಕೆ ಎಂದು ಬಗೆಯುವುದೂ ತಪ್ಪು. *#62# ಒತ್ತಿದಾಗ ಕಾಣುವ ಅಪರಿಚಿತ ನಂಬರ್ ಎಷ್ಟೋ ಸಲ ಕಂಪನಿಯ ವಾಯ್ಸ್‌ಮೇಲ್‌ನದ್ದೋ ಮಿಸ್ಡ್ ಕಾಲ್ ಮೆಸೇಜಿನದ್ದೋ ಆಗಿರುತ್ತದೆ. ಗ್ರಾಹಕ ಸೇವೆಗೆ ಕರೆ ಮಾಡಿ ‘ಇದು ನಿಮ್ಮದೇ?’ ಎಂದು ಕೇಳಿದರೆ ತೀರುತ್ತದೆ. ಆದರೆ 21ರ ಸಾಲಿನಲ್ಲಿ ನೀವು ಹಾಕದ ನಂಬರ್ ಇದ್ದರೆ, ಅಥವಾ 67ರಲ್ಲಿ ನಿಮ್ಮವರದ್ದೂ ಅಲ್ಲದ, ಕಂಪನಿಯದ್ದೂ ಅಲ್ಲದ ಹತ್ತಂಕಿಯ ಮೊಬೈಲ್ ನಂಬರ್ ಇದ್ದರೆ, ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ನಿಮ್ಮ ಇಲಾಖೆಗೆ ಅತಿ ಮುಖ್ಯವಾದ ಮಾತು ಇದು. ಮೋಸಗಾರನ ನಂಬರ್ ಆ ತೆರೆಯ ಮೇಲೇ ಇರುತ್ತದೆ. ಹೆದರಿದವರು ಮೊದಲು ##002# ಒತ್ತಿದರೆ, ಕಣ್ಣೆದುರಿಗಿದ್ದ ಆ ನಂಬರನ್ನು ತಮ್ಮ ಕೈಯಿಂದಲೇ ಅಳಿಸಿರುತ್ತಾರೆ. ಆಮೇಲೆ ಠಾಣೆಗೆ ಬಂದು ‘ಯಾರೋ ಏನೋ ಮಾಡಿದರು ಸಾರ್’ ಅನ್ನುತ್ತಾರೆ. ಕಂಪನಿಯಿಂದ ದಾಖಲೆ ತರಿಸುವ ದಾರಿ ನಿಮಗಿದ್ದೇ ಇದೆ, ಆದರೆ ಅದು ಕಾಗದ ಪತ್ರದ ದಾರಿ. 1930ಕ್ಕೆ ಕರೆ ಮಾಡುವಾಗಲೇ ಆ ನಂಬರ್ ಹೇಳಲು ಸಾಧ್ಯವಾದರೆ ಕೆಲಸ ಬೇರೆಯೇ.

ಹಾಗಾಗಿ ಮೊಳಕಾಲ್ಮೂರು, ರಾಂಪುರ, ನಾಯಕನಹಟ್ಟಿ, ಚಳ್ಳಕೆರೆ ಠಾಣೆಗಳಲ್ಲಿ ಹಾಕುವ ಫಲಕದಲ್ಲಿ ಮೇಲಿನ ನಾಲ್ಕು ಕೋಡ್‌ಗಳು ಮೊದಲು ಬರಲಿ. ಅದರ ಕೆಳಗೆ, ಅಪರಿಚಿತ ನಂಬರ್ ಕಂಡರೆ ಇನ್ನೊಂದು ಫೋನಿನಿಂದ ತೆರೆಯ ಫೋಟೊ ತೆಗೆಯಿರಿ ಎಂಬ ಸೂಚನೆ. ಅದರ ಕೆಳಗೆ, ತಪ್ಪಾಗಿರುವ ಒಂದನ್ನೇ ತೆಗೆಯುವ ##21#, ##67#. ಎಲ್ಲವನ್ನೂ ತೆಗೆಯುವ ##002# ಮತ್ತು ಜಿಯೋದವರ *413 ಕೊನೆಯ ಸಾಲಿಗೆ ಇರಲಿ. ಆಂಧ್ರದ ಗಡಿಗೆ ಹತ್ತಿದ ಹಳ್ಳಿಗಳಲ್ಲಿ ಮನೆಮಾತು ತೆಲುಗಾದವರು ಬಹಳ ಇದ್ದಾರೆ. ಅಲ್ಲಿ ಎರಡೂ ಭಾಷೆಯಲ್ಲಿ ಬರೆಸಿ. ಓದು ಬಾರದ ಹಿರಿಯರು ಬಂದರೆ ಬರವಣಿಗೆ ಮಾಡುವ ಸಿಬ್ಬಂದಿಯೇ ಅವರ ಎರಡೂ ಸಿಮ್‌ನಿಂದ ಒತ್ತಿ ನೋಡಿ, ಕಂಡದ್ದನ್ನು ದೂರಿನಲ್ಲೇ ಬರೆದುಕೊಳ್ಳಲಿ ಎಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಇಂತಿ,
ಮೊಳಕಾಲ್ಮೂರಿನ ನಿವಾಸಿ