ಎಲ್ಲ ತಪ್ಪಿಗೂ ಕನ್ನಡವೇ ಹೊಣೆಯೆ?

ಮಕ್ಕಳ ಇಂಗ್ಲಿಷ್ ಪ್ರಬಂಧದ ತಪ್ಪುಗಳೆಲ್ಲ ಕನ್ನಡದಲ್ಲಿ ಯೋಚಿಸುವುದರಿಂದಲೇ ಹುಟ್ಟುತ್ತವೆ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಆದರೆ ಅವರದೇ ಉದಾಹರಣೆ ‘ಐ ಡೋಂಟ್ ನೋ ವೇರ್ ಈಸ್ ಹಿ’ ನೋಡಿ. ‘ಅವನು ಎಲ್ಲಿದ್ದಾನೆ?’ ಎಂದು ಕೇಳಿದರೂ, ‘ಅವನು ಎಲ್ಲಿದ್ದಾನೋ ಗೊತ್ತಿಲ್ಲ’ ಎಂದರೂ ಕನ್ನಡದಲ್ಲಿ ಕರ್ತೃ, ಕ್ರಿಯಾಪದಗಳ ಜಾಗ ಅದಲುಬದಲಾಗುವುದಿಲ್ಲ. ಕನ್ನಡದಲ್ಲೇ ಇಲ್ಲದ ಪಲ್ಲಟ ಕನ್ನಡದಿಂದ ಬಂದೀತು ಹೇಗೆ? ನೇರ ಪ್ರಶ್ನೆಗೆ ಕಲಿತ ಇಂಗ್ಲಿಷ್ ನಿಯಮವನ್ನು ಮಗು ಒಳವಾಕ್ಯಕ್ಕೂ ಹಚ್ಚಿದೆ, ಅಷ್ಟೆ. ‘ಐ ಆಮ್ ನೋಯಿಂಗ್’ ಕೂಡ ಹೀಗೆಯೇ: ‘ಗೊತ್ತು’ ಎಂಬುದಕ್ಕೆ ನಮ್ಮಲ್ಲಿ ‘-ತ್ತಾ ಇದೆ’ ರೂಪವೇ ಇಲ್ಲ.

ಹಾಗಾದರೆ ಕನ್ನಡದ ಪ್ರಭಾವವೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ‘ಶಿ ಈಸ್ ಡಾಕ್ಟರ್’ ಎಂದು ಬರೆದವರು ‘ಅವಳು ಡಾಕ್ಟರ್’ ಎಂಬ ಅಚ್ಚಿನಲ್ಲೇ ‘ಎ’ ಬಿಟ್ಟಿದ್ದಾರೆ. ‘ದಿ’ ಬಿಟ್ಟುಹೋಗುವುದಕ್ಕೂ ನಮ್ಮಲ್ಲಿ ಅದಕ್ಕೆ ಸಮನಾದ ಪದವಿಲ್ಲದಿರುವುದು ಕಾರಣವಾಗಬಹುದು. ಆದರೆ ಅದೇ ಮಗು ‘ದಿ ನೇಚರ್ ಈಸ್ ಬ್ಯೂಟಿಫುಲ್’ ಎಂದು ಬೇಡದ ಕಡೆ ‘ದಿ’ ಸೇರಿಸಿದರೆ, ಅದನ್ನು ಕನ್ನಡದ ಲೆಕ್ಕಕ್ಕೆ ಬರೆಯಲಾಗದು. ಕನ್ನಡವನ್ನು ದೂರುವ ಮುನ್ನ, ತಪ್ಪಿನಲ್ಲಿರುವ ರಚನೆ ಕನ್ನಡದಲ್ಲಿ ನಿಜಕ್ಕೂ ಇದೆಯೇ, ಬೇರೆ ರಚನೆಯ ಭಾಷೆಯವರೂ ಅದೇ ತಪ್ಪು ಮಾಡುತ್ತಾರೆಯೇ ಎಂದು ಮೊದಲು ನೋಡಬೇಕು. ಕಲಿಯುವವರ ತಪ್ಪು ಅವರೊಳಗೆ ರೂಪುಗೊಳ್ಳುತ್ತಿರುವ ವ್ಯಾಕರಣದ ಸಾಕ್ಷಿ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ವಾದಿಸಿದ್ದರು. ಲೇಖಕರು ಸಾಕ್ಷಿಯನ್ನು ವಿಚಾರಿಸದೆ ಆರೋಪಿಯನ್ನು ಹಿಡಿದಿದ್ದಾರೆ. ತರಗತಿಯಲ್ಲಿ ಕನ್ನಡ ನಿಷೇಧಿಸಿದರೂ ‘ವೇರ್ ಈಸ್ ಹಿ’ ಹಾಗೇ ಉಳಿಯುತ್ತದೆ.