ಸ್ತನದ ಗಂಟಿನ ವರದಿಯನ್ನು ಓದುವ ಬಗೆ

ಸ್ತನದ ಗಂಟಿನಿಂದ ತೆಗೆದ ತುಣುಕಿನ ಪರೀಕ್ಷಾವರದಿಯು ಕೈಗೆ ಬಂದೊಡನೆ ಮನೆಯವರ ಕಣ್ಣು 'ಕ್ಯಾನ್ಸರ್' ಎಂಬ ಒಂದೇ ಪದದಲ್ಲಿ ನಿಂತುಬಿಡುವುದು. ಚಿಕಿತ್ಸೆಯ ದಾರಿಯನ್ನು ನಿರ್ಣಯಿಸುವ ಮಾತುಗಳಾದರೋ ಅದರ ಕೆಳಗಿನ ಸಾಲುಗಳಲ್ಲಿರುವುವು. ಆ ಸಾಲುಗಳು ಒಂದಕ್ಕೊಂದು ಹೊಂದುವುವೇ ಎಂದು ನೋಡುವ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಬಾಗಲವಾಡದ ಗೃಹಿಣಿಯೊಬ್ಬರಿಗೆ ರಾಯಚೂರಿನಲ್ಲಿ ಸೂಜಿಯಿಂದ ಬಯಾಪ್ಸಿ ಮಾಡಿದರೆಂದು ಭಾವಿಸೋಣ. ವರದಿಯಲ್ಲಿ 'ಗ್ರೇಡ್ 1' ಎಂದಿದೆ. ಇದು ರೋಗವು ಎಷ್ಟು ಹಬ್ಬಿದೆಯೆಂದು ತಿಳಿಸುವ 'ಸ್ಟೇಜ್' ಅಲ್ಲ. ಕೋಶಗಳು ಸಹಜರೂಪದಿಂದ ಎಷ್ಟು ದೂರ ಸರಿದಿವೆಯೆಂಬುದರ ಅಳತೆ. ಕೋಶಗಳು ನಾಳಗಳಂತೆ ಜೋಡಿಕೊಂಡಿರುವ ರೀತಿ, ಕೋಶಕೇಂದ್ರದ ರೂಪ, ವಿಭಜನೆ ಹೊಂದುತ್ತಿರುವ ಕೋಶಗಳ ಸಂಖ್ಯೆ, ಈ ಮೂರಕ್ಕೂ 1ರಿಂದ 3ರವರೆಗೆ ಅಂಕ ಕೊಡುವರು. ಮೊತ್ತವು 3ರಿಂದ 5 ಆದರೆ ಗ್ರೇಡ್ 1. 6 ಅಥವಾ 7 ಆದರೆ 2. 8 ಅಥವಾ 9 ಆದರೆ 3. ಈ ಗೃಹಿಣಿಯ ಅಂಕಗಳು 2, 2, 1, ಒಟ್ಟು 5.

ಕೆಲವು ದಿನಗಳ ಮೇಲೆ ಹಾರ್ಮೋನು ಗ್ರಾಹಕಗಳ ವರದಿ ಬರುವುದು. ಎಸ್ಟ್ರೋಜೆನ್ ಗ್ರಾಹಕವನ್ನು ಅದರಲ್ಲಿ 'ಇ.ಆರ್.' ಎನ್ನುವರು. ನೂರಕ್ಕೆ ಒಂದು ಕೋಶವಾದರೂ ಬಣ್ಣ ಹಿಡಿದರೆ ಅದು ಪಾಸಿಟಿವ್. ಇವರದು ಸೊನ್ನೆ, ಅಂದರೆ ನೆಗೆಟಿವ್.

ಇಲ್ಲಿ ತಡೆದು ವಿಚಾರಿಸಬೇಕು. ಗ್ರೇಡ್ 1ರ ಕ್ಯಾನ್ಸರಿನಲ್ಲಿ ಇ.ಆರ್. ಪ್ರಾಯಶಃ ಪಾಸಿಟಿವ್ ಆಗಿಯೇ ಇರುವುದು. ನೆಗೆಟಿವ್ ಆಗುವುದು ವಿರಳ. ತೆಗೆದ ತುಣುಕನ್ನು ಒಂದು ಗಂಟೆಯೊಳಗೆ ಫಾರ್ಮಲಿನ್ ದ್ರವದಲ್ಲಿ ಹಾಕಿ, 6ರಿಂದ 72 ಗಂಟೆಗಳ ಕಾಲ ಅದರಲ್ಲಿಯೇ ಇರಿಸತಕ್ಕದ್ದು. ಅದು ತಡವಾದರೆ ಗ್ರಾಹಕಗಳು ಕೆಟ್ಟು, ಇರುವುದೂ ಇಲ್ಲವೆಂದು ತೋರುವುದು. ಇದನ್ನು ಅರಿಯಲು ಉಪಾಯವುಂಟು. ಅದೇ ಗಾಜಿನ ಮೇಲಿರುವ ಸಹಜ ನಾಳಗಳ ಕೆಲವು ಕೋಶಗಳಾದರೂ ಬಣ್ಣ ಹಿಡಿಯಲೇಬೇಕು. ಅವೂ ಬಿಳುಪಾಗಿದ್ದರೆ ಕೆಟ್ಟದ್ದು ಪರೀಕ್ಷೆಯೇ. ಆದುದರಿಂದ "ಸಹಜ ನಾಳಗಳು ಬಣ್ಣ ಹಿಡಿದಿದ್ದುವೇ?" ಎಂದು ವೈದ್ಯರನ್ನು ಕೇಳಬೇಕು. ಸಂಶಯವುಳಿದರೆ, ಮೇಣದಲ್ಲಿ ಕಾದಿಟ್ಟ 'ಬ್ಲಾಕ್'ಗಳನ್ನು ಪಡೆದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆ ಮರುಪರೀಕ್ಷೆಗೆ ಕೊಡಬಹುದು; ಇಲ್ಲವೆ ಹೊಸ ತುಣುಕನ್ನು ತೆಗೆಸಬಹುದು. ತಪ್ಪು ಸೊನ್ನೆಯನ್ನು ನಂಬಿದರೆ, ರೋಗವು ಮರಳದಂತೆ ಐದು ವರ್ಷವಾದರೂ ನುಂಗಬೇಕಾದ ಟಾಮೋಕ್ಸಿಫೆನ್‌ನಂತಹ ಗುಳಿಗೆಯೇ ಅವರಿಗೆ ತಪ್ಪಿಹೋಗುವುದು.

'ಮಾರ್ಜಿನ್' ಎಂಬುದನ್ನು ಈ ಸೂಜಿವರದಿಯಲ್ಲಿ ಹುಡುಕಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನು ಸುತ್ತಲಿನ ಅಂಚುಸಹಿತ ತೆಗೆದು, ಹೊರಮೈಗೆ ಶಾಯಿ ಹಚ್ಚಿ ನೋಡಿದ ಮೇಲೆಯೇ ಅದು ತಿಳಿಯುವುದು. ಸುತ್ತಣ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರಿನ ಕೋಶಗಳು ಶಾಯಿಯನ್ನು ಮುಟ್ಟಿರದಿದ್ದರೆ ಅಂಚು ಶುದ್ಧವೆನಿಸುವುದು. ಮುಟ್ಟಿದ್ದರೆ ಸಾಮಾನ್ಯವಾಗಿ ಮತ್ತಷ್ಟು ತೆಗೆಯಬೇಕಾಗುವುದು. ನಾಳದೊಳಗೇ ಉಳಿದಿರುವ ಬಗೆಗಾದರೆ 2 ಮಿಲಿಮೀಟರ್ ಅಂತರವನ್ನು ಬಯಸುವರು. ಸೂಜಿವರದಿಯ ಇ.ಆರ್. ಬಗ್ಗೆ ಆಗಲೂ ಸಂಶಯವಿದ್ದಲ್ಲಿ, ಈ ಗಂಟಿನ ಮೇಲೆ ಆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಲು ಅವಕಾಶವುಂಟು.